ಮದುವೆಗೆ ಬುಕ್ ಮಾಡಿದ ಫೋಟೋಗ್ರಾಫರ್ ಕೈಕೊಟ್ಟರೆ ಅಡ್ವಾನ್ಸ್ ವಾಪಸ್ ಪಡೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ತಂಗಿಯ ಮದುವೆಗೆ ಎಂಟು ದಿನ ಇರುವಾಗ ಫೋಟೋಗ್ರಾಫರ್ ಫೋನ್ ಮಾಡಿ "ಆ ದಿನ ಆಗಲ್ಲ ಸರ್" ಎಂದುಬಿಟ್ಟ. ಕೊಟ್ಟಿದ್ದ ಅಡ್ವಾನ್ಸ್ 60,000 ರೂಪಾಯಿ. ಅದನ್ನು ಕೇಳಿದರೆ "ಬುಕಿಂಗ್ ಅಮೌಂಟ್ ವಾಪಸ್ ಬರಲ್ಲ" ಎಂಬ ಉತ್ತರ. ಕೊನೆಗೆ ಗ್ರಾಹಕ ಆಯೋಗದ ಮೂಲಕ ಹಣ ಬಂತು. ಆಮೇಲೆ ನೆಂಟರು, ಪರಿಚಯದವರು ಇಂಥದ್ದೇ ತೊಂದರೆ ಹೇಳಿಕೊಂಡು ಬರತೊಡಗಿದರು. ಕೆಲವರ ದೂರುಗಳನ್ನು ಕೂತು ಬರೆದುಕೊಟ್ಟೆ. ಅವರೆಲ್ಲ ಕೇಳಿದ ಪ್ರಶ್ನೆಗಳೇ ಇಲ್ಲಿವೆ. ಹೆಚ್ಚಿನ ಮಾತು ಫೋಟೋಗ್ರಾಫರ್ ಬಗ್ಗೆ. ಅಡುಗೆ ಕಂಟ್ರಾಕ್ಟರ್ ವಿಷಯದಲ್ಲಿ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ.

ರಸೀದಿಯಲ್ಲಿ "ಅಡ್ವಾನ್ಸ್ ಹಿಂತಿರುಗಿಸಲಾಗುವುದಿಲ್ಲ" ಎಂದು ಅಚ್ಚಾಗಿದೆ. ಹಾಗಿದ್ದರೆ ಹಣ ಹೋಯಿತಾ?

ಇಲ್ಲ. ಬಹಳ ಜನ ಈ ಒಂದು ಸಾಲು ನೋಡಿಯೇ ಸುಮ್ಮನಾಗುತ್ತಾರೆ. ನನಗೆ ತುಂಬ ಬೇಸರ ಆಗುವುದು ಅದಕ್ಕೇ.

ಆ ಸಾಲು ಇರುವುದು ನೀವು ಮನಸ್ಸು ಬದಲಾಯಿಸಿ ಬುಕಿಂಗ್ ಬಿಟ್ಟರೆ ಅವರಿಗೆ ನಷ್ಟ ಆಗದಿರಲಿ ಎಂದು. ಅವರು ನಿಮಗೋಸ್ಕರ ಆ ದಿನವನ್ನು ಖಾಲಿ ಇಟ್ಟುಕೊಂಡಿರುತ್ತಾರೆ, ಬೇರೆಯವರಿಗೆ ಆಗಲ್ಲ ಎಂದಿರುತ್ತಾರೆ. ಅದಕ್ಕೆ ಬೆಲೆ ಇದೆ, ಒಪ್ಪೋಣ. ಆದರೆ ಬರದೇ ಇದ್ದವರು ಅವರೇ ಆದಾಗ ಆ ಸಾಲು ಅವರನ್ನು ಕಾಯುವುದಿಲ್ಲ. ತಾನೇ ಮಾತು ಮುರಿದವನು ಆ ಮುರಿದ ಮಾತಿನಿಂದಲೇ ಲಾಭ ಮಾಡಿಕೊಳ್ಳುವಂತಿಲ್ಲ. ಅಡ್ವಾನ್ಸ್ ಮುಟ್ಟುಗೋಲು ಹಾಕಿಕೊಳ್ಳುವ ಹಕ್ಕು ಬರುವುದು ಹಣ ಕೊಟ್ಟವರು ತಪ್ಪಿದಾಗ ಮಾತ್ರ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಕೊಂಡ ಕೆಲಸ ಮಾಡದೇ ಇರುವುದು ಸೇವೆಯಲ್ಲಿನ ಕೊರತೆ. 1872ರ ಕರಾರು ಕಾಯ್ದೆಯ ಪ್ರಕಾರ ಅದು ಕರಾರು ಭಂಗ. ನೀವು ಗಟ್ಟಿಯಾಗಿ ತೋರಿಸಬೇಕಾದದ್ದು ಒಂದೇ: ಮಾತು ತಪ್ಪಿದ್ದು ಯಾರು?

ಫೋನ್ ಮಾಡಿ "ಬರಲು ಆಗಲ್ಲ" ಅಂದ. ಮೊದಲು ಏನು ಮಾಡಲಿ?

ಮೊದಲು, ಏನು ಮಾಡಬಾರದು ಎಂದು ಹೇಳುತ್ತೇನೆ. ಸಿಟ್ಟಿನಲ್ಲಿ "ಸರಿ, ನಿಮ್ಮ ಸಹವಾಸ ಬೇಡ, ಕ್ಯಾನ್ಸಲ್ ಮಾಡಿ, ದುಡ್ಡು ವಾಪಸ್ ಕೊಡಿ" ಎಂದು ವಾಟ್ಸಾಪ್‌ನಲ್ಲಿ ಬರೆಯಬೇಡಿ.

ಯಾಕೆ ಅಂದರೆ ಆತ ಹೇಳಿದ್ದು ಫೋನಿನಲ್ಲಿ, ನೀವು ಹೇಳಿದ್ದು ಬರಹದಲ್ಲಿ. ಆರು ತಿಂಗಳ ನಂತರ ಆಯೋಗದ ಮುಂದೆ ಉಳಿಯುವುದು ನಿಮ್ಮ ಬರಹ ಮಾತ್ರ. ಆಗ ಆತನ ತಕರಾರು ಹೀಗಿರುತ್ತದೆ: "ನಾನು ಬರಲು ಸಿದ್ಧನಿದ್ದೆ. ಅವರೇ ಕ್ಯಾನ್ಸಲ್ ಮಾಡಿದರು. ಇಗೋ ಅವರ ಮೆಸೇಜ್." ನಾನು ನೋಡಿದ ದೂರುಗಳಲ್ಲಿ ಜಾಸ್ತಿ ಕಷ್ಟ ಕೊಟ್ಟದ್ದು ಇದೇ. ಬೇಕೆಂದೇ ನಿಮ್ಮ ಬಾಯಿಂದ ಆ ಪದ ಹೊರಡಿಸುವವರೂ ಇದ್ದಾರೆ. ಫೋನ್ ಎತ್ತುವುದಿಲ್ಲ, ಮೆಸೇಜಿಗೆ ಉತ್ತರ ಕೊಡುವುದಿಲ್ಲ. ನೀವು ಬೇಸತ್ತು "ಬೇಡ ಬಿಡಿ" ಎನ್ನುವವರೆಗೆ ಕಾಯುತ್ತಾರೆ.

ಹಾಗಾಗಿ ಫೋನ್ ಇಟ್ಟ ಹತ್ತು ನಿಮಿಷದೊಳಗೆ ಒಂದು ಮೆಸೇಜ್ ಹಾಕಿ. ನಾವು ಹಾಕಿದ್ದು ಸುಮಾರು ಹೀಗಿತ್ತು:

"ಇವತ್ತು ಫೆಬ್ರವರಿ 8, ಬೆಳಿಗ್ಗೆ 11.20ಕ್ಕೆ ನೀವು ಫೋನ್ ಮಾಡಿ ಫೆಬ್ರವರಿ 16ರ ಮದುವೆಗೆ ಬರಲು ಆಗುವುದಿಲ್ಲ ಎಂದು ಹೇಳಿದಿರಿ. ನಮ್ಮ ಕಡೆಯಿಂದ ಬುಕಿಂಗ್ ಹಾಗೇ ಇದೆ, ನಾವು ರದ್ದು ಮಾಡಿಲ್ಲ. ಒಪ್ಪಿಕೊಂಡ ಹಾಗೆ ಬರುತ್ತೀರಾ ಎಂದು ನಾಳೆ ಸಂಜೆ 6 ಗಂಟೆಯೊಳಗೆ ತಿಳಿಸಿ. ಉತ್ತರ ಬಾರದಿದ್ದರೆ ನೀವು ಹಿಂದೆ ಸರಿದಿದ್ದೀರಿ ಎಂದು ತಿಳಿದು ಬೇರೆಯವರನ್ನು ಗೊತ್ತು ಮಾಡಿಕೊಳ್ಳುತ್ತೇವೆ. ಅಡ್ವಾನ್ಸ್ ಮತ್ತು ಜಾಸ್ತಿ ತಗಲುವ ಖರ್ಚು ನಿಮ್ಮ ಜವಾಬ್ದಾರಿ."

ಇದರಲ್ಲಿ ನಾಲ್ಕು ವಿಷಯ ಇವೆ ನೋಡಿ. ಆತ ಏನು ಹೇಳಿದ, ಯಾವಾಗ ಹೇಳಿದ, ನಾವು ಇನ್ನೂ ಸಿದ್ಧರಿದ್ದೇವೆ, ಮತ್ತು ಒಂದು ಗಡುವು. ಆತ ಉತ್ತರ ಕೊಟ್ಟರೂ ನಿಮಗೆ ಒಳ್ಳೆಯದು, ಕೊಡದಿದ್ದರೂ ಒಳ್ಳೆಯದು. ನಮ್ಮ ಫೋಟೋಗ್ರಾಫರ್ "ಸಾರಿ ಸರ್, ಬೇರೆ ಕಮಿಟ್‌ಮೆಂಟ್ ಬಂತು" ಎಂದು ಉತ್ತರಿಸಿದ. ಆ ಒಂದು ಸಾಲು ಕೊನೆಯವರೆಗೂ ನಮ್ಮ ಕೈ ಹಿಡಿಯಿತು.

ಈಗಾಗಲೇ "ಕ್ಯಾನ್ಸಲ್ ಮಾಡಿ" ಎಂದು ಬರೆದುಬಿಟ್ಟಿದ್ದೀರಾ? ಎಲ್ಲ ಮುಗಿಯಿತು ಅಂತಲ್ಲ. ಅದಕ್ಕಿಂತ ಮೊದಲು ಆತನಿಂದ ಬಂದ ಕರೆಗಳ ಪಟ್ಟಿ, ನೀವು ಮಾಡಿದ ಎತ್ತದ ಕರೆಗಳು, ಹಿಂದಿನ ಮೆಸೇಜ್ ಎಲ್ಲ ಸೇರಿಸಿ ತೋರಿಸಿ. ಆತ ಕೈಬಿಟ್ಟ ನಂತರವೇ ನೀವು ಹಾಗೆ ಬರೆದದ್ದು ಎಂಬುದು ಆ ಕ್ರಮದಿಂದ ಗೊತ್ತಾಗಬೇಕು.

"ನಾನು ಬರಲ್ಲ, ಆದರೆ ನನ್ನ ಹುಡುಗರನ್ನು ಕಳಿಸ್ತೀನಿ" ಅಂತಾನೆ. ಒಪ್ಪಲೇಬೇಕಾ?

ನೀವು ಬುಕ್ ಮಾಡಿದ್ದು ಏನನ್ನು ಎಂಬುದರ ಮೇಲೆ ಹೋಗುತ್ತದೆ. ಒಬ್ಬ ವ್ಯಕ್ತಿಯ ಕೆಲಸ ನೋಡಿ, ಆತನೇ ಬರಬೇಕು ಎಂದು ಮಾತಾಗಿದ್ದರೆ ಬೇರೆಯವರನ್ನು ಒಪ್ಪಬೇಕಾಗಿಲ್ಲ. ಕೊಟೇಶನ್‌ನಲ್ಲಿ ಬರೀ "ಎರಡು ಫೋಟೋಗ್ರಾಫರ್, ಒಂದು ವಿಡಿಯೋಗ್ರಾಫರ್" ಎಂದಿದ್ದು ಅಷ್ಟು ಜನ ಬರುವುದಾದರೆ, ನಿಮ್ಮ ವಾದ ಸಡಿಲವಾಗುತ್ತದೆ.

ಸುಮ್ನೆ ಬೇಡ ಎನ್ನುವ ಬದಲು ವಿಚಾರಿಸಿ. ಬರುವವರ ಹೆಸರೇನು, ಅವರು ಮಾಡಿದ ಪೂರ್ತಿ ಒಂದು ಮದುವೆಯ ಫೋಟೋ ತೋರಿಸಿ ಎಂದು ಬರಹದಲ್ಲಿ ಕೇಳಿ. ತೋರಿಸದಿದ್ದರೆ ಅದೇ ಸಾಕ್ಷಿ. ತೋರಿಸಿದ ಕೆಲಸ ಚೆನ್ನಾಗಿಲ್ಲದಿದ್ದರೆ, ಯಾಕೆ ಒಪ್ಪುತ್ತಿಲ್ಲ ಎಂದು ಎರಡು ಸಾಲು ಬರೆದು ಕಳಿಸಿ.

ನಿಜವಾಗಿಯೂ ಆತನಿಗೆ ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾನೆ. ಆಗಲೂ ಕೇಳಬಹುದಾ?

ಅಡ್ವಾನ್ಸ್ ಕೇಳಬಹುದು. ಆತನೇ ಖುದ್ದಾಗಿ ಮಾಡಬೇಕಿದ್ದ ಕೆಲಸ ಯಾರ ತಪ್ಪೂ ಇಲ್ಲದೆ ಅಸಾಧ್ಯವಾದರೆ ಕರಾರು ಅಲ್ಲಿಗೆ ನಿಲ್ಲುತ್ತದೆ. ಆಗ ಒಬ್ಬರಿಂದ ಪಡೆದುಕೊಂಡಿದ್ದನ್ನು ಹಿಂದಿರುಗಿಸಬೇಕು ಎಂದು ಕರಾರು ಕಾಯ್ದೆಯ 65ನೇ ಕಲಂ ಹೇಳುತ್ತದೆ. ಆದರೆ ಮೇಲಿನ ಪರಿಹಾರ, ಜಾಸ್ತಿಯಾದ ಖರ್ಚು ಇವನ್ನೆಲ್ಲ ಕೇಳುವುದು ಕಷ್ಟ, ಸರಿಯೂ ಅಲ್ಲ ಎಂದು ನನಗನಿಸುತ್ತದೆ. ಹುಷಾರಿಲ್ಲ ಎಂದವನು ಅದೇ ದಿನ ಬೇರೆ ಮದುವೆಯಲ್ಲಿ ಕೆಲಸ ಮಾಡಿದ್ದು ಆತನ ಇನ್‌ಸ್ಟಾಗ್ರಾಂನಲ್ಲೇ ಕಂಡರೆ ಮಾತು ಬೇರೆ. ಆ ಪೋಸ್ಟ್‌ನ ಸ್ಕ್ರೀನ್‌ಶಾಟ್ ತಾರೀಖು ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ. ಅಳಿಸಿಹೋಗುವುದಕ್ಕೆ ಹೆಚ್ಚು ಹೊತ್ತು ಬೇಡ.

ನಮ್ಮ ನಡುವೆ ಅಗ್ರಿಮೆಂಟ್ ಅಂತ ಏನೂ ಇಲ್ಲ. ಅರ್ಧ ಹಣ ನಗದು ಕೊಟ್ಟಿದ್ದೇವೆ.

ಬಾಯಿಮಾತಿನ ಕರಾರೂ ಕರಾರೇ. ಸ್ಟಾಂಪ್ ಪೇಪರ್ ಇಲ್ಲ ಎಂಬ ಕಾರಣಕ್ಕೆ ದೂರು ಬಿದ್ದುಹೋಗುವುದಿಲ್ಲ. ಕೊಟೇಶನ್, ತಾರೀಖು ಬರೆದ ಮೆಸೇಜ್, ಹಣ ಹೋದ ದಾಖಲೆ ಈ ಮೂರನ್ನು ಒಟ್ಟಿಗೆ ಇಟ್ಟರೆ ಕರಾರು ಎದ್ದು ಕಾಣುತ್ತದೆ.

ಯುಪಿಐ ಮೂಲಕ ಕೊಟ್ಟದ್ದಕ್ಕೆ ಚಿಂತೆ ಬೇಡ. ಆ್ಯಪ್‌ನ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಆ ಸಾಲಿಗೆ ಗುರುತು ಹಾಕಿ. ಯುಟಿಆರ್ ನಂಬರ್ ಅದರಲ್ಲಿರುತ್ತದೆ.

ನಗದಿನ ವಿಷಯವೇ ಕಷ್ಟ. ನಮ್ಮ 60,000ದಲ್ಲಿ 20,000 ನಗದು, ರಸೀದಿ ಇಲ್ಲ. ನೋಟಿಸ್ ಕಳಿಸುವುದಕ್ಕೂ ಮೊದಲು, ಇನ್ನೂ ಮಾತು ಪೂರ್ತಿ ಕೆಟ್ಟಿರದಿದ್ದಾಗ, ತಂಗಿ ಒಂದು ಮೆಸೇಜ್ ಹಾಕಿದಳು: "ಅಣ್ಣಾ, ಅಕ್ಟೋಬರ್ 10ಕ್ಕೆ ಕೈಯಲ್ಲಿ ಕೊಟ್ಟ 20,000, ನವೆಂಬರ್ 2ಕ್ಕೆ ಫೋನ್‌ಪೇ ಮಾಡಿದ 40,000, ಒಟ್ಟು 60,000 ಅಲ್ವಾ ನಿಮ್ಮ ಲೆಕ್ಕದಲ್ಲೂ?" ಆತ "ಹೌದು, ನೋಡೋಣ" ಎಂದ. ರಸೀದಿಯ ಕೆಲಸವನ್ನು ಆ "ಹೌದು" ಮಾಡಿತು. ಲಾಯರ್ ನೋಟಿಸ್ ಹೋದ ಮೇಲೆ ಇಂಥ ಉತ್ತರ ಸಿಗುವುದಿಲ್ಲ. ಹಾಗಾಗಿ ಮೊದಲೇ ಕೇಳಿ.

ವಾಟ್ಸಾಪ್ ಮಾತುಕತೆಯನ್ನು ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ನಿಮಗೆ ಅನುಕೂಲವಾದ ನಾಲ್ಕು ಸ್ಕ್ರೀನ್‌ಶಾಟ್ ಮಾತ್ರ ಕೊಟ್ಟರೆ ಉಳಿದದ್ದನ್ನು ಮುಚ್ಚಿಟ್ಟಿದ್ದೀರಿ ಎಂಬ ಮಾತು ಬರುತ್ತದೆ. ಪ್ರಿಂಟ್ ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಲಗತ್ತಿಸಿ. ಈ ಪ್ರಿಂಟ್ ಯಾವ ಫೋನಿನಿಂದ ಬಂತು, ಆ ಫೋನ್ ಯಾರದ್ದು ಎಂಬುದನ್ನು ಅದರಲ್ಲಿ ಹೇಳಬೇಕು. ಹಳೆಯ ಕಾನೂನಿನಲ್ಲಿ ಇದನ್ನೇ 65ಬಿ ಎನ್ನುತ್ತಿದ್ದರು. ಪ್ರಕರಣ ಮುಗಿಯುವವರೆಗೆ ಆ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ.

ಅಡ್ವಾನ್ಸ್ ಅಲ್ಲದೆ ಇನ್ನೇನು ಕೇಳಬಹುದು? ಎಷ್ಟು ಕೇಳಬೇಕು?

ನಮ್ಮ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ.

ಮೊದಲ ಫೋಟೋಗ್ರಾಫರ್ ಜೊತೆ ಮಾತಾಗಿದ್ದು 1,80,000ಕ್ಕೆ. ಅದರಲ್ಲಿ 60,000 ಅಡ್ವಾನ್ಸ್ ಕೊಟ್ಟಿದ್ದೆವು. ಎಂಟು ದಿನದಲ್ಲಿ ಬೇರೆಯವರನ್ನು ಹುಡುಕಿದಾಗ 2,45,000 ಆಯಿತು. ಹಾಗಂತ 65,000 ವ್ಯತ್ಯಾಸವನ್ನು ಪೂರ್ತಿ ಕೇಳಲಿಲ್ಲ. ಹೊಸಬರ ಬಿಲ್ಲಿನಲ್ಲಿ 25,000 ಡ್ರೋನ್‌ಗೆ ಇತ್ತು. ಅದು ಹಳೆಯ ಮಾತಿನಲ್ಲಿ ಇರಲಿಲ್ಲ, ನಾವಾಗಿಯೇ ಸೇರಿಸಿಕೊಂಡದ್ದು. ಅದನ್ನು ಕಳೆದರೆ ಅದೇ ಕೆಲಸಕ್ಕೆ ಬಿದ್ದ ಬೆಲೆ 2,20,000. ವ್ಯತ್ಯಾಸ 40,000.

ಅಡ್ವಾನ್ಸ್ 60,000, ವ್ಯತ್ಯಾಸ 40,000, ಎರಡೂ ಸೇರಿ ಒಂದು ಲಕ್ಷ. ಒಂದೇ ನಷ್ಟವನ್ನು ಎರಡು ಸಲ ಎಣಿಸಿದ ಹಾಗೆ ಆಗುತ್ತದಾ ಎಂದು ಅಪ್ಪ ಕೇಳಿದರು. ಹೀಗೆ ತಾಳೆ ನೋಡಬಹುದು: ಎಲ್ಲ ಸರಿಯಾಗಿ ನಡೆದಿದ್ದರೆ ನಮ್ಮ ಕೈಯಿಂದ ಹೋಗಬೇಕಿದ್ದದ್ದು 1,80,000. ಡ್ರೋನ್ ಬಿಟ್ಟು ನಿಜವಾಗಿ ಹೋದದ್ದು ಹಳಬನಿಗೆ 60,000, ಹೊಸಬನಿಗೆ 2,20,000, ಒಟ್ಟು 2,80,000. ಜಾಸ್ತಿ ಹೋದದ್ದು ಸರಿಯಾಗಿ ಒಂದು ಲಕ್ಷ. ನಿಮ್ಮ ಲೆಕ್ಕವನ್ನೂ ಹೀಗೆ ಒಮ್ಮೆ ತಾಳೆ ಹಾಕಿ. ಉಬ್ಬಿಸಿದ ಒಂದು ಅಂಕಿ ಸಿಕ್ಕಿಬಿದ್ದರೂ ಉಳಿದ ನಿಜವಾದ ಅಂಕಿಗಳ ಮೇಲೂ ಅನುಮಾನ ಬರುತ್ತದೆ.

ಇದರ ಮೇಲೆ ಬಡ್ಡಿ, ಮಾನಸಿಕ ನೋವಿಗೆ ಪರಿಹಾರ, ಪ್ರಕರಣದ ಖರ್ಚು ಕೇಳಬಹುದು. ನಾವು ಮಾನಸಿಕ ನೋವಿಗೆ 50,000 ಕೇಳಿದೆವು, ಸಿಕ್ಕಿದ್ದು 15,000. ನೋಟಿಸ್ ತಾರೀಖಿನಿಂದ ಶೇಕಡಾ 8 ಬಡ್ಡಿ 60,000ದ ಮೇಲೆ ಕೊಟ್ಟರು. ಹದಿನಾಲ್ಕು ತಿಂಗಳಿಗೆ 5,600 ಆಯಿತು. ವ್ಯತ್ಯಾಸದ 40,000 ಪೂರ್ತಿ ಬಂತು, ಯಾಕೆಂದರೆ ಎರಡೂ ಕಡೆಯ ಬಿಲ್ಲು ಸಾಲುಸಾಲಾಗಿ ಹೋಲಿಸಿ ಇಟ್ಟಿದ್ದೆವು. ಖರ್ಚಿಗೆ 5,000. ಒಟ್ಟು 1,25,600.

ಫೋಟೋಗ್ರಾಫರ್ ಮದುವೆ ದಿನವೇ ಬರದೆ, ಫೋಟೋಗಳೇ ಇಲ್ಲದೆ ಹೋದರೆ ನೋವಿನ ಪರಿಹಾರಕ್ಕೆ ತೂಕ ಜಾಸ್ತಿ. ಆ ದಿನವನ್ನು ಮತ್ತೆ ಮಾಡಲಾಗುವುದಿಲ್ಲವಲ್ಲ. ಅದನ್ನು ದೂರಿನಲ್ಲಿ ನಿಮ್ಮದೇ ಮಾತಿನಲ್ಲಿ ಬರೆಯಿರಿ. ಅಜ್ಜಿಯ ಒಂದು ಫೋಟೋ ಕೂಡ ಆ ದಿನದ್ದು ಇಲ್ಲ ಎಂದು ಒಬ್ಬ ಹೆಣ್ಣುಮಗಳು ಬರೆದಿದ್ದಳು. ದೊಡ್ಡ ದೊಡ್ಡ ಪದಗಳಿಗಿಂತ ಅದು ಹೆಚ್ಚು ಹೇಳುತ್ತದೆ.

ನೋಟಿಸ್‌ಗೆ ವಕೀಲರೇ ಬೇಕಾ? ಅದರಲ್ಲಿ ಏನಿರಬೇಕು?

ಬೇಕಾಗಿಲ್ಲ. ನೀವೇ ಕನ್ನಡದಲ್ಲಿ ಬರೆದು ಸಹಿ ಹಾಕಿ ಕಳಿಸಬಹುದು. ಒಂದು ಪುಟ ಸಾಕು. ಯಾವ ದಿನ ಬುಕಿಂಗ್, ಯಾವ ಕೆಲಸಕ್ಕೆ, ಎಷ್ಟು ಹಣ ಯಾವ ತಾರೀಖಿಗೆ ಹೋಯಿತು, ಅವರು ಯಾವ ದಿನ ಹೇಗೆ ಹಿಂದೆ ಸರಿದರು, ನೀವು ಬೇರೆ ವ್ಯವಸ್ಥೆಗೆ ಎಷ್ಟು ಖರ್ಚು ಮಾಡಿದಿರಿ, ಈಗ ಎಷ್ಟು ಕೇಳುತ್ತಿದ್ದೀರಿ, ಇಷ್ಟು ಬರೆಯಿರಿ. ಕೊನೆಗೆ: "ಈ ನೋಟಿಸ್ ತಲುಪಿದ 15 ದಿನಗಳಲ್ಲಿ ಹಣ ಹಿಂದಿರುಗಿಸದಿದ್ದರೆ ಗ್ರಾಹಕ ಆಯೋಗದಲ್ಲಿ ದೂರು ಸಲ್ಲಿಸುತ್ತೇವೆ." ಬೈಗುಳ ಬೇಡ, "ಮರ್ಯಾದೆ ತೆಗೆಯುತ್ತೇವೆ" ಎಂಬ ಬೆದರಿಕೆಯೂ ಬೇಡ. ಆ ಕಾಗದವನ್ನು ನಾಳೆ ಓದುವವರು ಆಯೋಗದವರು.

ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ದಾಖಲೆ ತೆಗೆದುಕೊಳ್ಳಿ. ಅದೇ ಕಾಗದದ ಫೋಟೋವನ್ನು ವಾಟ್ಸಾಪ್ ಮತ್ತು ಇಮೇಲ್‌ಗೂ ಹಾಕಿ. "ತೆಗೆದುಕೊಳ್ಳಲು ನಿರಾಕರಿಸಿದರು" ಎಂಬ ಷರಾದೊಂದಿಗೆ ಲಕೋಟೆ ವಾಪಸ್ ಬಂದರೆ ಅದನ್ನು ಒಡೆಯಬೇಡಿ. ಹಾಗೇ ಆಯೋಗಕ್ಕೆ ಕೊಡಿ.

ಆತನ ಸರಿಯಾದ ಹೆಸರು, ವಿಳಾಸ ಗೊತ್ತಿಲ್ಲ. ಸ್ಟುಡಿಯೋ ಹೆಸರು ಮಾತ್ರ ಗೊತ್ತು.

ಇನ್‌ಸ್ಟಾಗ್ರಾಂ ನೋಡಿ ಬುಕ್ ಮಾಡಿದವರಿಗೆ ಈ ತೊಂದರೆ ಸಾಮಾನ್ಯ. ಹಣ ಹೋದ ಯುಪಿಐ ದಾಖಲೆಯಲ್ಲಿ ಖಾತೆದಾರರ ಬ್ಯಾಂಕ್ ಹೆಸರು ಇರುತ್ತದೆ, ಅಲ್ಲಿಂದ ಶುರು ಮಾಡಿ. ಕೊಟೇಶನ್‌ನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ gst.gov.in ನಲ್ಲಿ ಹಾಕಿ ನೋಡಿ, ನೋಂದಣಿಯಾದ ಕಾನೂನುಬದ್ಧ ಹೆಸರು ಸಿಗುತ್ತದೆ. ಆತ ಹಿಂದೆ ಕೆಲಸ ಮಾಡಿದ ಕಲ್ಯಾಣ ಮಂಟಪದ ಮ್ಯಾನೇಜರ್ ಹತ್ತಿರ, ಆಲ್ಬಂ ಪ್ರಿಂಟ್ ಮಾಡುವ ಲ್ಯಾಬ್ ಹತ್ತಿರ ವಿಚಾರಿಸಿದರೂ ವಿಳಾಸ ಸಿಗುವುದುಂಟು. ದೂರಿನಲ್ಲಿ ಸ್ಟುಡಿಯೋ ಹೆಸರು ಮತ್ತು ಮಾಲೀಕರ ಹೆಸರು ಎರಡನ್ನೂ ಬರೆಯಿರಿ. ಬರೀ ಸ್ಟುಡಿಯೋ ಹೆಸರಿನ ಮೇಲೆ ಆದೇಶ ಆದರೆ, ಬೋರ್ಡ್ ಬದಲಾದ ದಿನ ವಸೂಲಿಗೆ ಯಾರನ್ನು ಹಿಡಿಯುವುದು?

ವೆಡ್ಡಿಂಗ್ ಪ್ಲಾನರ್ ಮೂಲಕ ಬುಕ್ ಮಾಡಿ, ಹಣ ಪ್ಲಾನರ್ ಕೈಗೆ ಕೊಟ್ಟಿದ್ದರೆ ಪ್ಲಾನರ್ ಮೊದಲ ಎದುರುದಾರ. ಫೋಟೋಗ್ರಾಫರನ್ನು ಎರಡನೆಯವರಾಗಿ ಸೇರಿಸಿ.

ದೂರು ಎಲ್ಲಿ ಕೊಡಬೇಕು? ಎಷ್ಟು ಶುಲ್ಕ?

ನೀವು ವಾಸ ಮಾಡುವ ಜಿಲ್ಲೆಯ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ. ಫೋಟೋಗ್ರಾಫರ್ ಬೇರೆ ಊರಿನವನಾದರೂ ಪರವಾಗಿಲ್ಲ, ದೂರುದಾರರು ಇರುವಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಜಿಲ್ಲಾ ಆಯೋಗದ ವ್ಯಾಪ್ತಿ 50 ಲಕ್ಷದವರೆಗೆ. ಇದನ್ನು ಲೆಕ್ಕ ಹಾಕುವುದು ನೀವು ಸೇವೆಗೆ ಕೊಟ್ಟ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೇ ಇಲ್ಲ.

ಎರಡು ವರ್ಷದೊಳಗೆ ದೂರು ಕೊಡಬೇಕು. "ಮುಂದಿನ ತಿಂಗಳು ಕೊಡ್ತೀನಿ" ಎಂದು ಆತ ಎಳೆದಾಡುವಾಗ ಈ ಗಡುವು ನಿಂತಿರುತ್ತದೆ ಎಂದುಕೊಳ್ಳಬೇಡಿ, ಓಡುತ್ತಲೇ ಇರುತ್ತದೆ.

ಆನ್‌ಲೈನ್‌ನಲ್ಲಿ e-jagriti.gov.in ಮೂಲಕ ಸಲ್ಲಿಸಬಹುದು. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ಯಾರಾದರೂ ಜೊತೆಗಿದ್ದರೆ ಚೆನ್ನ ಎನಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ. ಹಾಗಾಗಿ ಮದುಮಗಳು ಅಥವಾ ಅವಳ ತಾಯಿ ದೂರುದಾರರಾದರೆ ಅನುಕೂಲ. ಹಣ ಕೊಟ್ಟದ್ದು ಅಪ್ಪನ ಖಾತೆಯಿಂದ ಎಂದಾದರೆ ಅಪ್ಪನ ಹೆಸರನ್ನೂ ಸೇರಿಸಿ. ಹಣ ಕೊಟ್ಟವರೂ ಗ್ರಾಹಕರೇ, ಅವರ ಒಪ್ಪಿಗೆಯಿಂದ ಸೇವೆ ಪಡೆಯಬೇಕಿದ್ದವರೂ ಗ್ರಾಹಕರೇ.

ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು. ಅವರು ಎದುರಿನವರೊಂದಿಗೆ ಮಾತಾಡುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಹೆಸರು ಕೆಡಬಾರದು ಎಂಬ ಯೋಚನೆ ಇರುವ ದೊಡ್ಡ ಸಂಸ್ಥೆಯಾದರೆ ಕೆಲಸ ಆಗಬಹುದು. ಒಬ್ಬನೇ ನಡೆಸುವ ಸ್ಟುಡಿಯೋಗೆ ಅದರಿಂದ ಜಾಸ್ತಿ ಬಿಸಿ ಮುಟ್ಟುವುದಿಲ್ಲ.

ಒಂದು ಎಚ್ಚರಿಕೆ. "ಅಡ್ವಾನ್ಸ್ ವಾಪಸ್ ಇಲ್ಲ ಎಂಬ ಷರತ್ತೇ ಅನ್ಯಾಯದ ಕರಾರು" ಎಂದು ಅದನ್ನೇ ದೂರಿನ ಮುಖ್ಯ ವಿಷಯ ಮಾಡಬೇಡಿ. ಅನ್ಯಾಯದ ಕರಾರಿನ ದೂರುಗಳನ್ನು ಕೇಳುವ ಅಧಿಕಾರ ಇರುವುದು ರಾಜ್ಯ ಆಯೋಗಕ್ಕೆ ಮತ್ತು ಅದರ ಮೇಲಿನದಕ್ಕೆ. ಜಿಲ್ಲೆಯಲ್ಲಿ ಸೇವೆಯಲ್ಲಿನ ಕೊರತೆ ಎಂದೇ ಬರೆಯಿರಿ, ಅಷ್ಟು ಸಾಕು.

ದೂರು ಕೊಟ್ಟ ಮೇಲೆ ಏನಾಗುತ್ತದೆ?

ದೂರು ಅಂಗೀಕಾರ ಆದ ಮೇಲೆ ಎದುರಿನವರಿಗೆ ನೋಟಿಸ್ ಹೋಗುತ್ತದೆ. ಉತ್ತರ ಕೊಡಲು ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಕ್ಕಿಂತ ಒಂದು ದಿನವೂ ಹೆಚ್ಚಿಗೆ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಆಮೇಲೆ ಎರಡೂ ಕಡೆಯ ಪ್ರಮಾಣಪತ್ರ, ದಾಖಲೆ, ವಾದ. ಆತ ಬರಲೇ ಇಲ್ಲ ಎಂದರೆ ನಿಮ್ಮ ದಾಖಲೆ ನೋಡಿ ಆದೇಶ ಮಾಡುತ್ತಾರೆ. ನಡುವೆ ರಾಜಿಗೆ ಅವಕಾಶ ಕಂಡರೆ ಮಧ್ಯಸ್ಥಿಕೆಗೆ ಕಳಿಸುವುದೂ ಇದೆ.

ಕಾಯ್ದೆಯಲ್ಲಿ ಇಂಥ ದೂರು ಮೂರು ತಿಂಗಳಲ್ಲಿ ಮುಗಿಯಬೇಕು ಎಂದಿದೆ. ಅಷ್ಟು ಬೇಗ ಆಗುತ್ತದೆ ಎಂದು ನಂಬಿ ಕೂರಬೇಡಿ. ನಮಗೆ ನೋಟಿಸಿನಿಂದ ಆದೇಶದವರೆಗೆ ಹದಿನಾಲ್ಕು ತಿಂಗಳು ಹಿಡಿಯಿತು. ಆದರೆ ನಾವು ಹೋಗಬೇಕಾಗಿದ್ದು ಆರೇಳು ಸಲ, ಅದರಲ್ಲಿ ಎರಡು ಸಲ ಹತ್ತು ನಿಮಿಷದ ಕೆಲಸ.

ಪೊಲೀಸ್ ಕಂಪ್ಲೇಂಟ್ ಕೊಟ್ಟರೆ ಬೇಗ ಆಗಲ್ವಾ?

ಎಲ್ಲ ಸಂದರ್ಭಕ್ಕೂ ಅಲ್ಲ. ವಂಚನೆ ಎಂದಾಗಬೇಕಾದರೆ ಹಣ ತೆಗೆದುಕೊಳ್ಳುವಾಗಲೇ ಮೋಸದ ಉದ್ದೇಶ ಇತ್ತು ಎಂದು ಕಾಣಬೇಕು. ಬುಕಿಂಗ್ ತೆಗೆದುಕೊಂಡು, ಆಮೇಲೆ ಜಾಸ್ತಿ ಹಣ ಕೊಡುವ ಬೇರೆ ಮದುವೆ ಸಿಕ್ಕಿತು ಎಂದು ಬಿಟ್ಟವನು ಮಾತು ತಪ್ಪಿದವನು, ಅದು ಸಿವಿಲ್ ವಿಷಯ. ಒಂದೇ ದಿನಕ್ಕೆ ಹತ್ತು ಮನೆಯವರಿಂದ ಅಡ್ವಾನ್ಸ್ ತೆಗೆದುಕೊಂಡವನು, ಬೇರೆಯವರ ಫೋಟೋಗಳನ್ನು ತನ್ನದೆಂದು ತೋರಿಸಿದವನು, ಹಣ ಬಂದ ವಾರದಲ್ಲೇ ಫೋನ್ ಸ್ವಿಚ್ ಆಫ್ ಮಾಡಿ ಅಂಗಡಿ ಖಾಲಿ ಮಾಡಿದವನು, ಇವರ ವಿಷಯಕ್ಕೆ ಪೊಲೀಸ್ ಠಾಣೆಗೆ ಹೋಗಬೇಕು. ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ ವಂಚನೆಯ ಬಗ್ಗೆ ಇದೆ. ಮೋಸಹೋದ ಬೇರೆ ಮನೆಯವರನ್ನೂ ಹುಡುಕಿ ಒಟ್ಟಿಗೆ ಹೋದರೆ ಉದ್ದೇಶ ತೋರಿಸುವುದು ಸುಲಭ.

ಅಡುಗೆ ಕಂಟ್ರಾಕ್ಟರ್ ವಿಷಯದಲ್ಲೂ ಇದೇ ನಿಯಮವಾ?

ಬರಲೇ ಇಲ್ಲ ಎಂದಾದರೆ ಎಲ್ಲ ಇದೇ. ಬಂದು ಅರ್ಧಂಬರ್ಧ ಮಾಡಿದಾಗ ಕಷ್ಟ. 600 ಜನಕ್ಕೆ ಮಾತಾಗಿ 400 ಜನಕ್ಕೇ ಊಟ ಮುಗಿದುಹೋದರೆ ಪೂರ್ತಿ ಹಣ ವಾಪಸ್ ಸಿಗುವುದಿಲ್ಲ, ಆಗದ ಭಾಗಕ್ಕೆ ಸಿಗುತ್ತದೆ. ಆಗ ಎಷ್ಟು ಜನ ಉಂಡರು ಎಂಬುದೇ ಜಗಳ. ಊಟದ ಸಾಕ್ಷಿ ಸಂಜೆಯೊಳಗೆ ತೊಳೆದುಹೋಗಿರುತ್ತದೆ.

ಹಾಗಾಗಿ ಆ ಹೊತ್ತಿಗೇ ಯಾರಾದರೂ ಒಬ್ಬರು ಅದನ್ನೇ ನೋಡಿಕೊಳ್ಳಬೇಕು. ಮದುವೆ ಮನೆಯ ಗಡಿಬಿಡಿಯಲ್ಲಿ ಇದು ದೊಡ್ಡ ಮಾತೇ, ಗೊತ್ತು. ಖಾಲಿ ಪಾತ್ರೆ, ಕಾಯುತ್ತಿರುವ ಪಂಕ್ತಿ ಇವುಗಳ ವಿಡಿಯೋ ತೆಗೆಯಿರಿ. ಎಲೆ ಅಥವಾ ಪ್ಲೇಟು ಎಷ್ಟು ಖರ್ಚಾಯಿತು ಎಂದು ಬರೆದುಕೊಂಡು ಕಂಟ್ರಾಕ್ಟರ್ ಮೇಲ್ವಿಚಾರಕನ ಸಹಿ ಹಾಕಿಸಿ. ಹಾಕದಿದ್ದರೆ ಮಂಟಪದ ಮ್ಯಾನೇಜರ್ ಸಹಿ ಆಗಲಿ. ಹೊರಗಿನಿಂದ ಊಟ ತರಿಸಿದ್ದರೆ ಸಮಯ ಇರುವ ಬಿಲ್ಲು ಬೇಕು. ಕೊನೆಯ ಕಂತು ಕೇಳಲು ಬಂದಾಗ ಸುಮ್ನೆ ಪೂರ್ತಿ ಕೊಟ್ಟು ಕಳಿಸಬೇಡಿ. ಕೊಡಲೇಬೇಕಾದ ಪರಿಸ್ಥಿತಿ ಬಂದರೆ "ತಕರಾರು ಇಟ್ಟುಕೊಂಡೇ ಕೊಡುತ್ತಿದ್ದೇವೆ" ಎಂದು ಮೆಸೇಜ್ ಹಾಕಿ ಕೊಡಿ.

ಫೋಟೋ ತೆಗೆದಿದ್ದಾನೆ, ಆದರೆ ವರ್ಷವಾದರೂ ಆಲ್ಬಂ ಕೊಟ್ಟಿಲ್ಲ.

ಇಲ್ಲಿ ಹಣಕ್ಕಿಂತ ಫೋಟೋ ಮುಖ್ಯ ಅಲ್ವಾ? ಹಾಗಾದರೆ ಮೊದಲು ಅದನ್ನೇ ಕೇಳಿ. ಎಡಿಟ್ ಆಗದ ಮೂಲ ಫೈಲುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕ್‌ಗೆ ಹಾಕಿಕೊಡಿ, ಡಿಸ್ಕ್ ನಾವೇ ತರುತ್ತೇವೆ ಎಂದು ಬರಹದಲ್ಲಿ ಕೇಳಿ. ತಡ ಮಾಡಬೇಡಿ. ಮೆಮೊರಿ ಕಾರ್ಡ್ ಅಳಿಸಿ ಮತ್ತೆ ಬಳಸುತ್ತಾರೆ, ಡಿಸ್ಕ್ ಕೆಡುತ್ತದೆ. ದೂರು ಕೊಡುವಾಗ ಪ್ರಕರಣ ಮುಗಿಯುವ ಮೊದಲೇ ಫೈಲುಗಳನ್ನು ಕೊಡಿಸಿ, ಅಳಿಸದಂತೆ ತಡೆಯಿರಿ ಎಂದು ಮಧ್ಯಂತರ ಅರ್ಜಿ ಹಾಕಿ. ಅಂಥ ಆದೇಶ ಮಾಡುವ ಅಧಿಕಾರ ಆಯೋಗಕ್ಕಿದೆ. ತೆಗೆದ ಕೆಲಸಕ್ಕೆ ಬೆಲೆ ಕಟ್ಟಿ, ಆಲ್ಬಂ ಮತ್ತು ಎಡಿಟಿಂಗ್ ಭಾಗದ ಹಣವನ್ನು ವಾಪಸ್ ಕೇಳುವುದು ನ್ಯಾಯ.

ಮದುವೆ ನಾವೇ ಮುಂದೂಡಿದೆವು. ಆಗ?

ಆಗ ನೀವು ಹಿಂದೆ ಸರಿದವರು. ಆತನಿಗೆ ಆದ ನಿಜವಾದ ನಷ್ಟದ ಮಟ್ಟಿಗೆ ಹಣ ಹಿಡಿದುಕೊಳ್ಳಬಹುದು. ನಾಲ್ಕು ತಿಂಗಳ ಮೊದಲೇ ತಿಳಿಸಿದ್ದು, ಆ ದಿನಕ್ಕೆ ಆತನಿಗೆ ಬೇರೆ ಬುಕಿಂಗ್ ಸಿಕ್ಕಿದ್ದರೆ ಉಳಿದದ್ದನ್ನು ಕೇಳಲು ಜಾಗ ಇದೆ. ಹೊಸ ತಾರೀಖಿಗೆ ಆತ ಒಪ್ಪಿ ಆಮೇಲೆ ಕೈಕೊಟ್ಟರೆ ಮಾತ್ರ ಇಡೀ ಕಥೆ ಮತ್ತೆ ಮೊದಲಿನ ಹಾಗೆ. ಆ ಒಪ್ಪಿಗೆ ಬರಹದಲ್ಲಿರಲಿ.

ಆದೇಶ ಆಯಿತು, ಆದರೂ ಹಣ ಕೊಡುತ್ತಿಲ್ಲ.

ಆತ ಮೇಲ್ಮನವಿ ಹಾಕಬೇಕಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಹೋಗಬೇಕು, ಆದೇಶದ ಅರ್ಧ ಹಣ ಠೇವಣಿ ಇಡಬೇಕು. ಅದೂ ಇಲ್ಲ, ಹಣವೂ ಇಲ್ಲ ಎಂದರೆ ಅದೇ ಜಿಲ್ಲಾ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. ಗ್ರಾಹಕ ಸಂರಕ್ಷಣಾ ಕಾಯ್ದೆಯ 71ನೇ ಕಲಂ ಪ್ರಕಾರ ಸಿವಿಲ್ ಕೋರ್ಟಿನ ಡಿಕ್ರಿಯ ಹಾಗೆ ವಸೂಲಿ ಮಾಡಿಸಬಹುದು. 72ನೇ ಕಲಂ ಪ್ರಕಾರ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು. ನಮ್ಮ ಪ್ರಕರಣದಲ್ಲಿ ಹಣ ಬಂದದ್ದು 72ನೇ ಕಲಮಿನ ಅರ್ಜಿಯ ನೋಟಿಸ್ ಆತನ ಮನೆಗೆ ಹೋದ ವಾರ.

ನಡುವೆ ರಾಜಿಗೆ ಬಂದು "ಅಡ್ವಾನ್ಸ್ ಕೊಡ್ತೀನಿ, ಕೇಸ್ ವಾಪಸ್ ತಗೊಳ್ಳಿ" ಅಂತಾನೆ. ಒಪ್ಪಲಾ?

ಅದು ನಿಮ್ಮ ಇಷ್ಟ. ಅಡ್ವಾನ್ಸ್ ಪೂರ್ತಿ ಬರುವುದಾದರೆ ಮಾನಸಿಕ ನೋವಿನ ಹಣ ಬಿಟ್ಟುಕೊಡುವುದರಲ್ಲಿ ತಪ್ಪೇನಿಲ್ಲ ಎಂದು ನಾನು ಹಲವರಿಗೆ ಹೇಳಿದ್ದೇನೆ. ಆದರೆ ಹಣ ಖಾತೆಗೆ ಬಂದ ಮೇಲೆ ಮಾತ್ರ ಕೇಸ್ ಹಿಂತೆಗೆಯುವ ಮೆಮೋಗೆ ಸಹಿ ಹಾಕಿ. ಕಂತಿನಲ್ಲಿ ಕೊಡುವುದಾದರೆ ರಾಜಿಯನ್ನು ಆಯೋಗದ ಮುಂದೆಯೇ ದಾಖಲಿಸಿ, ಅದರಂತೆ ಆದೇಶ ಮಾಡಿಸಿಕೊಳ್ಳಿ.

ಚೆಕ್ ಕೊಟ್ಟರೆ ಅದರ ಮೇಲಿನ ತಾರೀಖು ನೋಡಿ, ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಬರಹದಲ್ಲಿ ಹಣ ಕೇಳಿ ನೋಟಿಸ್ ಕಳಿಸಬೇಕು. ಅದು ತಲುಪಿ 15 ದಿನವಾದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಚೆಕ್ ಬೌನ್ಸ್ ದೂರು ಹಾಕಬಹುದು. ಅಲ್ಲಿಯವರೆಗೆ ಗ್ರಾಹಕ ಆಯೋಗದ ಕೇಸನ್ನು ಮುಗಿಸಬೇಡಿ, ಮುಂದಿನ ತಾರೀಖು ಕೇಳಿ.